ಬಂಡವಾಳಕ್ಕೆ ಲಾಭದ ಸುದ್ದಿ ಮುಟ್ಟುವುದು ಯಾವಾಗ?

ದಾವಣಗೆರೆಯಂಥ ಊರಿನ ಪೇಟೆ ಬೀದಿಯಲ್ಲಿ ಒಂದು ಬಟ್ಟೆ ಅಂಗಡಿ ಇದೆ ಎಂದಿಟ್ಟುಕೊಳ್ಳೋಣ. 2024ರ ಏಪ್ರಿಲ್ 1ರಂದು ಅಲ್ಲಿ ಹೊಸ ಲೆಕ್ಕದ ಪುಸ್ತಕ ತೆರೆದಾಗ ಯಜಮಾನರ ಬಂಡವಾಳದ ಪುಟದಲ್ಲಿ ಬರೆದದ್ದು 5,00,000 ರೂಪಾಯಿ. ಯುಗಾದಿ, ಮದುವೆ ಸೀಸನ್, ದೀಪಾವಳಿ ಎಲ್ಲವೂ ಬಂದು ಹೋದವು. ಸಾವಿರಾರು ಬಿಲ್ ಹರಿದರು, ಬಾಡಿಗೆ ಕೊಟ್ಟರು, ಹುಡುಗರಿಗೆ ಸಂಬಳ ಕೊಟ್ಟರು. 2025ರ ಮಾರ್ಚ್ 31ರ ಸಂಜೆ ಅದೇ ಪುಟ ತೆಗೆದು ನೋಡಿದರೆ ಅಲ್ಲಿ ಇನ್ನೂ 5,00,000 ರೂಪಾಯಿಯೇ ಇದೆ. ವರ್ಷವಿಡೀ ನಡೆದ ವ್ಯಾಪಾರದ ಒಂದು ಅಕ್ಷರವೂ ಆ ಪುಟವನ್ನು ಮುಟ್ಟಿಲ್ಲ.

ಇದು ಗುಮಾಸ್ತನ ಮರೆವಲ್ಲ. ಜೋಡಿ ನಮೂದಿನ ಲೆಕ್ಕ ನಡೆಯುವುದೇ ಹೀಗೆ. ಅಂಗಡಿ ಗಳಿಸಿದ ಪ್ರತಿ ರೂಪಾಯಿಯೂ ಯಜಮಾನರದ್ದು, ಕಳೆದ ಪ್ರತಿ ರೂಪಾಯಿಯೂ ಅವರದ್ದೇ. ಆ ಲೆಕ್ಕದಲ್ಲಿ ಸೀರೆ ಮಾರಿದಾಗಲೆಲ್ಲ ಬಂಡವಾಳಕ್ಕೆ ಕೂಡಿಸಿ, ಕರೆಂಟ್ ಬಿಲ್ ಕಟ್ಟಿದಾಗಲೆಲ್ಲ ಅದರಿಂದ ಕಳೆದರೂ ತಪ್ಪೇನಿಲ್ಲ. ಕೊನೆಗೆ ಸಿಗುವ ಮೊತ್ತ ಒಂದೇ. ಆದರೆ ಹಾಗೆ ಬರೆದ ಪುಟದಲ್ಲಿ ಮಾರಾಟ ಎಷ್ಟಾಯಿತು, ಬಾಡಿಗೆಗೆ ಎಷ್ಟು ಹೋಯಿತು ಎಂದು ಹುಡುಕಲು ಹೊರಟವನಿಗೆ ಸಾವಿರಾರು ಸಾಲುಗಳ ಗೋಜಲು ಬಿಟ್ಟರೆ ಬೇರೇನೂ ಸಿಗುವುದಿಲ್ಲ. ಅದಕ್ಕಾಗಿಯೇ ಬಂಡವಾಳದ ಪುಟದಿಂದ ಕೊಂಬೆಗಳನ್ನು ಒಡೆಸುತ್ತಾರೆ. ಮಾರಾಟಕ್ಕೆ ಒಂದು ಖಾತೆ, ಬಾಡಿಗೆಗೆ ಒಂದು, ಸಂಬಳಕ್ಕೆ ಇನ್ನೊಂದು. ಒಂದು ವರ್ಷದ ಮಟ್ಟಿಗೆ ಅವು ಬಂಡವಾಳದ ಪರವಾಗಿ ಲೆಕ್ಕ ಹಿಡಿಯುತ್ತವೆ.

ಕಾಮರ್ಸ್ ಓದುವ ಮಕ್ಕಳನ್ನು ತಿಂಗಳುಗಟ್ಟಲೆ ಕಾಡುವ ಒಂದು ಪ್ರಶ್ನೆಗೂ ಉತ್ತರ ಇಲ್ಲಿದೆ. ಖರ್ಚಿನ ಖಾತೆ ಏಕೆ ಡೆಬಿಟ್, ಅಂದರೆ ಎಡಬದಿ? ಆದಾಯದ ಖಾತೆ ಏಕೆ ಕ್ರೆಡಿಟ್, ಅಂದರೆ ಬಲಬದಿ? ಬಂಡವಾಳ ಬಲಬದಿಯ ಖಾತೆ. ಅದನ್ನು ಹಿಗ್ಗಿಸುವ ಆದಾಯವೂ ಬಲಕ್ಕೆ ಬರುತ್ತದೆ, ಕುಗ್ಗಿಸುವ ಖರ್ಚು ಎಡಕ್ಕೆ ಬರುತ್ತದೆ. ಕೊಂಬೆಗಳು ಯಾವ ಮರದವು ಎಂದು ತಿಳಿದವರಿಗೆ ಈ ನಿಯಮವನ್ನು ಉರು ಹೊಡೆಯುವ ಕೆಲಸ ಉಳಿಯುವುದಿಲ್ಲ.

ವರ್ಷಾಂತ್ಯದ ಮುಕ್ತಾಯದ ನಮೂದುಗಳೆಂದರೆ ಈ ಕೊಂಬೆಗಳನ್ನು ಮತ್ತೆ ಮರಕ್ಕೆ ಸೇರಿಸುವ ಕೆಲಸ.

ಆದರೆ ಮಾರ್ಚ್ 31ರ ಸಂಜೆ ನೇರವಾಗಿ ಮುಕ್ತಾಯಕ್ಕೆ ಕೈ ಹಾಕುವಂತಿಲ್ಲ. ಪುಸ್ತಕದಲ್ಲಿರುವುದೆಲ್ಲ ಈ ವರ್ಷದ್ದೇ, ಈ ವರ್ಷದ್ದೆಲ್ಲ ಪುಸ್ತಕದಲ್ಲಿದೆ ಎಂಬುದು ಮೊದಲು ಖಾತ್ರಿಯಾಗಬೇಕು. ನಮ್ಮ ಅಂಗಡಿಯ ಬಾಡಿಗೆ ತಿಂಗಳಿಗೆ 10,000. ಪುಸ್ತಕದಲ್ಲಿ ಕಾಣುವುದು 1,10,000 ಮಾತ್ರ, ಏಕೆಂದರೆ ಮಾರ್ಚ್ ತಿಂಗಳ ಬಾಡಿಗೆಯನ್ನು ಏಪ್ರಿಲ್ ಮೊದಲ ವಾರದಲ್ಲಿ ಕೊಡುವುದು ವಾಡಿಕೆ. ಅಂಗಡಿ ಮಾರ್ಚ್ ಪೂರ್ತಿ ಆ ಮಳಿಗೆಯನ್ನು ಬಳಸಿದೆಯಲ್ಲ? ಹಾಗಾಗಿ ಇನ್ನೂ 10,000ವನ್ನು ಬಾಡಿಗೆ ಖಾತೆಗೆ ಸೇರಿಸಿ, ಅದನ್ನು ‘ಕೊಡಬೇಕಾದ ಬಾಡಿಗೆ’ ಎಂಬ ಸಾಲವಾಗಿ ತೋರಿಸುತ್ತಾರೆ. 1,00,000 ರೂಪಾಯಿಯ ಕಪಾಟು, ಕೌಂಟರ್‌ಗಳು ಒಂದು ವರ್ಷ ಸವೆದಿವೆ. ಶೇಕಡಾ 10ರಂತೆ 10,000 ಸವಕಳಿ ಬರೆದು ಅವುಗಳ ಬೆಲೆಯನ್ನು 90,000ಕ್ಕೆ ಇಳಿಸುತ್ತಾರೆ.

ಆಮೇಲೆ ಸರಕಿನ ಎಣಿಕೆ. ಇದು ಲೆಕ್ಕದ ಮೇಜಿನ ಮೇಲೆ ಮುಗಿಯುವ ಕೆಲಸವಲ್ಲ. ಕಪಾಟಿನಿಂದ ಕಪಾಟಿಗೆ ಹೋಗಿ ಥಾನು, ಸೀರೆ, ಪಂಚೆ ಎಣಿಸಬೇಕು. ಎಣಿಸಿದ್ದಕ್ಕೆ ಮಾರುವ ದರ ಹಾಕುವಂತಿಲ್ಲ, ಕೊಂಡ ದರ ಹಾಕಬೇಕು. ಫ್ಯಾಷನ್ ಹಳತಾಗಿ ಕೊಂಡ ದರವೂ ಗಿಟ್ಟದ ಮಾಲಿದ್ದರೆ ಈಗ ಎಷ್ಟಕ್ಕೆ ಹೋದೀತೋ ಆ ದರ. ಹೀಗೆ ಎಣಿಸಿದಾಗ ನಮ್ಮ ಅಂಗಡಿಯಲ್ಲಿ ಸಿಕ್ಕ ಆಖೈರು ಸರಕು 4,50,000 ರೂಪಾಯಿಯದ್ದು. ಇಡೀ ಮುಕ್ತಾಯದಲ್ಲಿ ಅತ್ಯಂತ ಸೂಕ್ಷ್ಮವಾದ ಅಂಕಿ ಇದು. ಉಳಿದ ಅಂಕಿಗಳಿಗೆಲ್ಲ ಬಿಲ್ ಇದೆ, ರಸೀದಿ ಇದೆ, ಬ್ಯಾಂಕ್ ಪಾಸ್‌ಬುಕ್ ಇದೆ. ಇದಕ್ಕೆ ಎಣಿಸಿದವರ ಶ್ರದ್ಧೆಯೇ ಆಧಾರ. ಇಲ್ಲಿ 10,000 ಹೆಚ್ಚು ಬರೆದರೆ ಈ ವರ್ಷದ ಲಾಭ ಅಷ್ಟೇ ಹೆಚ್ಚುತ್ತದೆ. ಅದೇ ಅಂಕಿ ಮುಂದಿನ ವರ್ಷದ ಆರಂಭದ ಸರಕಾಗುವುದರಿಂದ ಆಗ ಲಾಭ ಅಷ್ಟೇ ತಗ್ಗುತ್ತದೆ.

ಈಗ ತಾಳೆಪಟ್ಟಿ. ಎಲ್ಲ ಖಾತೆಗಳ ಶಿಲ್ಕುಗಳನ್ನು ಎರಡು ಬದಿಯಲ್ಲಿ ಬರೆದು ಕೂಡಿಸುವುದು. ನಮ್ಮ ಅಂಗಡಿಯಲ್ಲಿ ಎರಡೂ ಬದಿ 30,80,000ಕ್ಕೆ ತಾಳೆಯಾಯಿತು. (ಲೆಕ್ಕ ಸರಳವಾಗಲೆಂದು ಇಲ್ಲಿ ಜಿಎಸ್‌ಟಿ ಬದಿಗಿಟ್ಟಿದೆ. ಗಿರಾಕಿಯಿಂದ ವಸೂಲಾದ ಜಿಎಸ್‌ಟಿ ಅಂಗಡಿಯ ಆದಾಯವೇ ಅಲ್ಲ, ಸರ್ಕಾರಕ್ಕೆ ಕೊಡಬೇಕಾದ ಬಾಕಿ. ಲಾಭ ನಷ್ಟದ ಹತ್ತಿರಕ್ಕೂ ಅದು ಬರಬಾರದು.) ಈ ಪಟ್ಟಿಯನ್ನು ಕಣ್ಣಿನಲ್ಲೇ ಎರಡು ಗುಂಪು ಮಾಡಿಕೊಳ್ಳಬಹುದು. ನಗದು, ಉದ್ರಿ ಬಾಕಿ, ಕಪಾಟು, ಸಾಲಗಾರರಿಗೆ ಕೊಡಬೇಕಾದದ್ದು: ಇವು ಏಪ್ರಿಲ್ 1ರಂದೂ ಇರುತ್ತವೆ. ರಾತ್ರಿ ಹನ್ನೆರಡು ಹೊಡೆಯಿತೆಂದು ಗಲ್ಲಾದಲ್ಲಿದ್ದ ಹಣ ಮಾಯವಾಗುವುದಿಲ್ಲ. ಆದರೆ ‘2024-25ರ ಮಾರಾಟ’ ಎಂಬುದು ಏಪ್ರಿಲ್ 1ರಂದು ಮುಗಿದ ಕಥೆ. ಮುಚ್ಚಬೇಕಾದದ್ದು ಈ ಎರಡನೆಯ ಗುಂಪನ್ನು ಮಾತ್ರ.

ಮುಚ್ಚುವ ರೀತಿ ಬಹಳ ಸರಳ. ಖಾತೆಯ ಶಿಲ್ಕು ಯಾವ ಬದಿಯಲ್ಲಿದೆಯೋ ಅದರ ಎದುರು ಬದಿಯಲ್ಲಿ ಅಷ್ಟೇ ಮೊತ್ತ ಬರೆದರೆ ಖಾತೆ ಸೊನ್ನೆಯಾಗುತ್ತದೆ. ಜೋಡಿ ನಮೂದಿನ ಇನ್ನೊಂದು ಕಾಲು ಹೊಸ ಮನೆಯಲ್ಲಿ ಇಳಿಯುತ್ತದೆ. ಬಟ್ಟೆ ಅಂಗಡಿಯಂಥ ವ್ಯಾಪಾರದಲ್ಲಿ ಮೊದಲ ಮನೆ ವ್ಯಾಪಾರ ಖಾತೆ. ಇಲ್ಲಿಗೆ ಬರುವುದು ಮಾಲಿಗೆ ನೇರವಾಗಿ ಸಂಬಂಧಪಟ್ಟವು ಮಾತ್ರ. ವರ್ಷದ ಮಾರಾಟ 24,00,000. ಆ ಮಾರಾಟ ಖಾತೆಯನ್ನು ಹೀಗೆ ಮುಚ್ಚುತ್ತಾರೆ:

ಮಾರಾಟ ಖಾತೆ, ಡೆಬಿಟ್ 24,00,000
ವ್ಯಾಪಾರ ಖಾತೆಗೆ, ಕ್ರೆಡಿಟ್ 24,00,000

ಆರಂಭದ ಸರಕು 4,00,000, ವರ್ಷದ ಖರೀದಿ 18,00,000, ಮಾಲು ತರಿಸಿದ ಲಾರಿ ಬಾಡಿಗೆ 30,000, ಈ ಮೂರನ್ನೂ ಇದಕ್ಕೆ ತಿರುಗುಮುರುಗಾಗಿ, ಅಂದರೆ ವ್ಯಾಪಾರ ಖಾತೆಗೆ ಡೆಬಿಟ್ ಮಾಡಿ ಮುಚ್ಚುತ್ತಾರೆ. ಎಡಬದಿ 22,30,000 ಆಯಿತು. ಬಲಬದಿಯಲ್ಲಿ ಮಾರಾಟದ ಜೊತೆಗೆ, ಇನ್ನೂ ಮಾರಾಟವಾಗದೆ ಕಪಾಟಿನಲ್ಲಿ ಉಳಿದ 4,50,000ದ ಸರಕನ್ನೂ ಬರೆಯಬೇಕು; ಕೊಂಡದ್ದರಲ್ಲಿ ಅಷ್ಟು ಖರ್ಚಾಗಿಲ್ಲವಲ್ಲ. ಬಲಬದಿ 28,50,000. ವ್ಯತ್ಯಾಸ 6,20,000, ಇದು ಸ್ಥೂಲ ಲಾಭ. ಕೊಂಡ ದರಕ್ಕೂ ಮಾರಿದ ದರಕ್ಕೂ ನಡುವೆ ಸಿಕ್ಕ ಅಂತರ.

ಆ 6,20,000 ಅಲ್ಲಿಂದ ಲಾಭ ನಷ್ಟ ಖಾತೆಯ ಬಲಬದಿಗೆ ಇಳಿಯುತ್ತದೆ. ಕಮಿಷನ್ ಬಂದಿದ್ದ 10,000 ಕೂಡ ಅದರ ಪಕ್ಕಕ್ಕೆ ಬರುತ್ತದೆ. ಎದುರಿಗೆ ಬಾಡಿಗೆ 1,20,000, ಸಂಬಳ 1,80,000, ಕರೆಂಟ್ ಮತ್ತು ಫೋನ್ 24,000, ಚಿಲ್ಲರೆ ಖರ್ಚು 16,000, ಸವಕಳಿ 10,000, ಒಟ್ಟು 3,50,000. ಉಳಿದದ್ದು 2,80,000. ಇದು ನಿವ್ವಳ ಲಾಭ. ಈಗ ಮಾರಾಟದ ಪುಟ ಸೊನ್ನೆ, ಖರೀದಿಯ ಪುಟ ಸೊನ್ನೆ, ಬಾಡಿಗೆಯ ಪುಟ ಸೊನ್ನೆ. ಹನ್ನೆರಡು ತಿಂಗಳ ವ್ಯಾಪಾರವೆಲ್ಲ ಲಾಭ ನಷ್ಟ ಖಾತೆಯ ಬಲಬದಿಯಲ್ಲಿ ಒಂದೇ ಅಂಕಿಯಾಗಿ ನಿಂತಿದೆ. ಆ ಖಾತೆಯೂ ಶಾಶ್ವತವಲ್ಲ. ಅದನ್ನೂ ಮುಚ್ಚಬೇಕು:

ಲಾಭ ನಷ್ಟ ಖಾತೆ, ಡೆಬಿಟ್ 2,80,000
ಬಂಡವಾಳ ಖಾತೆಗೆ, ಕ್ರೆಡಿಟ್ 2,80,000

ಬಂಡವಾಳಕ್ಕೆ ಲಾಭದ ಸುದ್ದಿ ಮುಟ್ಟುವುದು ಈ ನಮೂದಿನಲ್ಲಿ. ನಷ್ಟವಾಗಿದ್ದರೆ ಇದೇ ನಮೂದು ತಿರುಗಿ, ಬಂಡವಾಳ ಡೆಬಿಟ್ ಆಗುತ್ತಿತ್ತು.

ಒಂದು ಖಾತೆ ಇನ್ನೂ ಬಾಕಿ ಇದೆ. ಯಜಮಾನರು ಮನೆ ಖರ್ಚಿಗೆಂದು ವರ್ಷದಲ್ಲಿ ಗಲ್ಲಾದಿಂದ ತೆಗೆದ 1,80,000. ಇದನ್ನು ಲಾಭ ನಷ್ಟ ಖಾತೆಗೆ ಒಯ್ಯುವಂತಿಲ್ಲ. ಇದು ಅಂಗಡಿ ನಡೆಸಲು ಆದ ಖರ್ಚಲ್ಲ. ಯಜಮಾನರು ತಮ್ಮದೇ ಹಣವನ್ನು ಹಿಂದಕ್ಕೆ ಪಡೆದದ್ದು. ಹಾಗಾಗಿ ಇದು ಲಾಭ ನಷ್ಟದ ಮನೆಯನ್ನು ಬಳಸಿಕೊಂಡು ನೇರವಾಗಿ ಬಂಡವಾಳದ ಎಡಬದಿಗೆ ಹೋಗುತ್ತದೆ. 5,00,000ಕ್ಕೆ 2,80,000 ಕೂಡಿಸಿ 1,80,000 ಕಳೆದರೆ 6,00,000. ಆ ರಾತ್ರಿ ಬಂಡವಾಳದ ಪುಟದ ಕೆಳಗೆ ಬೀಳುವ ಆಖೈರು ಶಿಲ್ಕು ಇದು.

ಸರಿಯೋ ತಪ್ಪೋ ಎಂದು ನೋಡಲು ಬೇರೆಯದೇ ದಾರಿಯಿದೆ. ವ್ಯಾಪಾರವನ್ನೆಲ್ಲ ಮರೆತು, ಇರುವುದನ್ನು ಮಾತ್ರ ಎಣಿಸಿ. ಸರಕು 4,50,000, ಕಪಾಟು 90,000, ಉದ್ರಿ ಬರಬೇಕಾದದ್ದು 1,10,000, ನಗದು ಮತ್ತು ಬ್ಯಾಂಕ್ 1,20,000: ಒಟ್ಟು 7,70,000. ಸಗಟು ವ್ಯಾಪಾರಿಗಳಿಗೆ ಕೊಡಬೇಕಾದ 1,60,000, ಬಾಕಿ ಬಾಡಿಗೆ 10,000 ಕಳೆಯಿರಿ. ಉಳಿದದ್ದು 6,00,000. ಒಂದು ದಾರಿ ವರ್ಷವಿಡೀ ನಡೆದ ವ್ಯವಹಾರದಿಂದ ಬಂತು, ಇನ್ನೊಂದು ಆ ರಾತ್ರಿ ಕಣ್ಣಿಗೆ ಕಂಡ ಆಸ್ತಿಯಿಂದ ಬಂತು. ಎರಡೂ ಒಂದೇ ಅಂಕಿಯಲ್ಲಿ ಸೇರಿದವು. ಈ ಎರಡನೆಯ ಪಟ್ಟಿಗೇ ಅಢಾವೆ ಪತ್ರಿಕೆ ಎನ್ನುತ್ತಾರೆ. ಐನೂರು ವರ್ಷಗಳಿಂದ ವರ್ತಕರು ಈ ಲೆಕ್ಕವನ್ನು ನಂಬಿಕೊಂಡು ಬಂದಿರುವುದಕ್ಕೆ ಈ ಕೂಡುವಿಕೆಗಿಂತ ದೊಡ್ಡ ಕಾರಣ ಬೇಕಿಲ್ಲ.

ಐನೂರು ವರ್ಷ ಎಂಬುದು ಬಾಯಿಮಾತಲ್ಲ. ಲೂಕಾ ಪಚೋಲಿ ಎಂಬ ಇಟಲಿಯ ಪಾದ್ರಿ, ಗಣಿತದ ಮೇಷ್ಟ್ರು, 1494ರಲ್ಲಿ ವೆನಿಸ್‌ನಲ್ಲಿ ತನ್ನ ದೊಡ್ಡ ಗಣಿತ ಗ್ರಂಥವನ್ನು ಅಚ್ಚು ಹಾಕಿಸಿದ. ಅದರ ಒಂದು ಭಾಗ ವೆನಿಸ್ ವರ್ತಕರು ಲೆಕ್ಕ ಬರೆಯುವ ಪದ್ಧತಿಯ ವಿವರಣೆ. ಪದ್ಧತಿಯನ್ನು ಅವನು ಕಂಡುಹಿಡಿದದ್ದಲ್ಲ, ಅವನಿಗಿಂತ ಮೊದಲೇ ಅದು ಬಳಕೆಯಲ್ಲಿತ್ತು. ಅವನು ಅದನ್ನು ಅಚ್ಚಿಗೆ ತಂದ. ಖರ್ಚು, ಆದಾಯದ ಖಾತೆಗಳನ್ನು ಲಾಭ ನಷ್ಟದ ಖಾತೆಗೆ ಸಾಗಿಸಿ, ಅದರ ಶಿಲ್ಕನ್ನು ಬಂಡವಾಳಕ್ಕೆ ಸೇರಿಸುವ ಕ್ರಮ ಅಲ್ಲಿ ಇದೆ. ಆ ಕಾಲದ ಅನೇಕ ವರ್ತಕರು ಪುಸ್ತಕ ತುಂಬಿದಾಗಲೋ ಹಡಗಿನ ಮಾಲು ಮಾರಿ ಮುಗಿದಾಗಲೋ ಲೆಕ್ಕ ಮುಚ್ಚುತ್ತಿದ್ದರು. ಪಚೋಲಿ ಪ್ರತಿ ವರ್ಷ ಮುಚ್ಚುವುದು ಒಳ್ಳೆಯದು, ಅದರಲ್ಲೂ ಪಾಲುದಾರರಿದ್ದಲ್ಲಿ ಎಂದು ಸಲಹೆ ಕೊಟ್ಟ.

ನಮ್ಮಲ್ಲಿ ವರ್ಷ ಯಾವಾಗ ಮುಗಿಯಬೇಕು ಎಂಬುದು ಬಹಳ ಕಾಲ ವ್ಯಾಪಾರಿಯ ಇಚ್ಛೆಗೆ ಬಿಟ್ಟದ್ದಾಗಿತ್ತು. ಎಷ್ಟೋ ಅಂಗಡಿಗಳ ವರ್ಷ ದೀಪಾವಳಿಗೆ ಮುಗಿದು, ಲಕ್ಷ್ಮಿ ಪೂಜೆಯಲ್ಲಿ ಹೊಸ ಪುಸ್ತಕ ಇಟ್ಟು ಮತ್ತೆ ಶುರುವಾಗುತ್ತಿತ್ತು. ಆದಾಯ ತೆರಿಗೆ ಕಾನೂನು 1989-90ರ ತೆರಿಗೆ ನಿರ್ಧಾರಣಾ ವರ್ಷದಿಂದ ಎಲ್ಲರಿಗೂ ಮಾರ್ಚ್ 31ನ್ನೇ ಗಡಿಯಾಗಿ ನಿಗದಿ ಮಾಡಿತು. ದೀಪಾವಳಿಗೆ ಪುಸ್ತಕದ ಪೂಜೆ ಇಂದಿಗೂ ನಡೆಯುತ್ತದೆ, ಖಾತೆಗಳು ಮುಚ್ಚುವುದು ಮಾತ್ರ ಮಾರ್ಚ್‌ನಲ್ಲಿ.

ಲೆಕ್ಕ ಮುಗಿದ ದಿನ ಬಹುತೇಕ ಅಂಗಡಿಗಳಲ್ಲಿ ನಡೆಯುವ ಒಂದು ಮಾತುಕತೆ ಇದೆ. “ಎರಡು ಲಕ್ಷದ ಎಂಬತ್ತು ಸಾವಿರ ಲಾಭ ಅಂತೀರಿ, ಎಲ್ಲೈತ್ರಿ ರೊಕ್ಕ?” ಎಂದು ಸಾಹುಕಾರರು ಗಲ್ಲಾ ತೋರಿಸುತ್ತಾರೆ. ನ್ಯಾಯವಾದ ಪ್ರಶ್ನೆ. ವರ್ಷದ ಆರಂಭದಲ್ಲಿ ನಗದು, ಬ್ಯಾಂಕ್ ಸೇರಿ 60,000 ಇತ್ತು, ಈಗ 1,20,000. ಹೆಚ್ಚಿದ್ದು 60,000 ಮಾತ್ರ. “ಮನಿಗೆ ನೀವೇ ಒಂದು ಎಂಬತ್ತು ಒಯ್ದೀರಲ್ರಿ ಸಾಹುಕಾರ್ರೆ” ಎಂದು ಲೆಕ್ಕದವರು ಶುರು ಮಾಡುತ್ತಾರೆ. ಇನ್ನು 50,000 ಹೆಚ್ಚುವರಿ ಸರಕಾಗಿ ಕಪಾಟಿನಲ್ಲಿದೆ, 20,000 ಉದ್ರಿ ಗಿರಾಕಿಗಳ ಬಳಿ ಹೆಚ್ಚಾಗಿದೆ. ಇವನ್ನೆಲ್ಲ ಕಳೆದರೆ 30,000 ಮಾತ್ರ ಉಳಿಯಬೇಕಿತ್ತು. ಆದರೆ ಸಗಟು ವ್ಯಾಪಾರಿಗಳ ಬಾಕಿ 10,000 ಹೆಚ್ಚಾಗಿದೆ, ಮಾರ್ಚ್ ಬಾಡಿಗೆ 10,000 ಇನ್ನೂ ಕೊಟ್ಟಿಲ್ಲ, ಸವಕಳಿಯ 10,000ವಂತೂ ಯಾರ ಕೈಗೂ ಕೊಟ್ಟ ಹಣವಲ್ಲ. ಈ 30,000 ಸೇರಿ 60,000 ಆಯಿತು. ಮುಕ್ತಾಯದ ನಮೂದು ಒಂದೇ ಒಂದು ನೋಟನ್ನೂ ಅಲುಗಿಸುವುದಿಲ್ಲ. ಅದು ಬದಲಿಸುವುದು ಆಸ್ತಿಯ ಮೇಲೆ ಯಜಮಾನರ ಹಕ್ಕು ಎಷ್ಟು ಎಂಬ ಬರಹವನ್ನು; ಆ ಆಸ್ತಿ ಹಣವಾಗಿದೆಯೋ ಸೀರೆಯಾಗಿದೆಯೋ ಎಂಬುದು ಬೇರೆ ಪುಟಗಳ ವಿಷಯ.

ತಪ್ಪುಗಳು ನುಸುಳುವುದು ಎಲ್ಲಿ? ಕೆಲವು ತಪ್ಪುಗಳು ತಾವಾಗಿ ಕೂಗಿ ಹೇಳುತ್ತವೆ. ಕರೆಂಟ್ ಮತ್ತು ಫೋನಿನ 24,000ದ ಖಾತೆಯನ್ನು ಮುಚ್ಚಲು ಮರೆತರು ಎನ್ನಿ. ಲಾಭ 3,04,000 ಆಗುತ್ತದೆ, ಬಂಡವಾಳ 6,24,000. ಆಸ್ತಿಯ ಬದಿ ಮಾತ್ರ 7,70,000ದಲ್ಲೇ ನಿಂತಿದೆ, ಎದುರು ಬದಿ 7,94,000. ವ್ಯತ್ಯಾಸ ನಿಖರವಾಗಿ 24,000. ಮುಚ್ಚದ ಖಾತೆಯ ಮೊತ್ತವೇ ಎದುರಿಗೆ ಬಂದು ನಿಲ್ಲುತ್ತದೆ. ಕಮಿಷನ್ನಿನ 10,000ವನ್ನು ಲಾಭ ನಷ್ಟ ಖಾತೆಯಲ್ಲಿ ಬಲಕ್ಕೆ ಬದಲು ಎಡಕ್ಕೆ ಬರೆದಿದ್ದರೆ ಅಢಾವೆಯಲ್ಲಿ ಕಾಣುವ ವ್ಯತ್ಯಾಸ 20,000, ಎರಡು ಪಟ್ಟು. ಅದಕ್ಕೇ ಹಳೆಯ ಗುಮಾಸ್ತರು ತಾಳೆಯಾಗದ ಮೊತ್ತವನ್ನು ಮೊದಲು ಅರ್ಧ ಮಾಡಿ, ಆ ಅರ್ಧದ ಅಂಕಿ ಎಲ್ಲಾದರೂ ಇದೆಯೇ ಎಂದು ಹುಡುಕುತ್ತಾರೆ.

ಹೆಚ್ಚು ಅಪಾಯದ್ದು ಕೂಗದ ತಪ್ಪು. ಯಜಮಾನರು ಮಗಳ ಶಾಲೆಯ ಫೀಸು 40,000ವನ್ನು ಅಂಗಡಿ ಖಾತೆಯಿಂದ ಕಟ್ಟಿದ್ದಾರೆ. ಅದು ಸ್ವಂತಕ್ಕೆ ತೆಗೆದ ಹಣದಲ್ಲಿ ಸೇರಬೇಕಿತ್ತು. ಗುಮಾಸ್ತ ‘ಚಿಲ್ಲರೆ ಖರ್ಚು’ ಎಂದು ಬರೆದ. ಲಾಭ 2,40,000ಕ್ಕೆ ಇಳಿಯಿತು, ಸ್ವಂತಕ್ಕೆ ತೆಗೆದದ್ದು 1,40,000 ಆಯಿತು. 5,00,000ಕ್ಕೆ 2,40,000 ಕೂಡಿಸಿ 1,40,000 ಕಳೆಯಿರಿ: ಮತ್ತೆ ಅದೇ 6,00,000! ತಾಳೆಪಟ್ಟಿ ತಾಳೆಯಾಗುತ್ತದೆ, ಅಢಾವೆ ಕೂಡುತ್ತದೆ, ಬಂಡವಾಳವೂ ಸರಿ. ಸುಳ್ಳಾದದ್ದು ಲಾಭ ಒಂದೇ. ಆದರೆ ತೆರಿಗೆ ಕಟ್ಟುವುದು ಆ ಲಾಭದ ಮೇಲೆ, ಸಾಲ ಕೇಳಲು ಹೋದಾಗ ಬ್ಯಾಂಕು ನೋಡುವುದೂ ಅದನ್ನೇ. ಖರ್ಚು ಯಾವ ದಾರಿಯಲ್ಲಿ ಬಂದರೂ ಕೊನೆಗೆ ಬಂಡವಾಳಕ್ಕೇ ಸೇರುವುದರಿಂದ, ದಾರಿ ತಪ್ಪಿದ್ದು ಕೊನೆಯ ಅಂಕಿಯಲ್ಲಿ ಗೊತ್ತಾಗುವುದಿಲ್ಲ. ಕಳೆದ ವರ್ಷದ ಲಾಭ ನಷ್ಟ ಖಾತೆಯನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಹೋಲಿಸಿದರೆ ಮಾತ್ರ, 16,000 ಇರಬೇಕಾದ ಚಿಲ್ಲರೆ ಖರ್ಚು 56,000 ಆದದ್ದು ಕಣ್ಣಿಗೆ ಕುಕ್ಕುತ್ತದೆ. ಯಜಮಾನರು ಕಟ್ಟುವ ಸ್ವಂತ ಆದಾಯ ತೆರಿಗೆ, ಜೀವವಿಮೆಯ ಕಂತು ಇವೂ ಇದೇ ಜಾತಿಯವು. ಅಂಗಡಿಯ ಬ್ಯಾಂಕ್ ಖಾತೆಯಿಂದ ಹೋದ ಮಾತ್ರಕ್ಕೆ ಅವು ಅಂಗಡಿಯ ಖರ್ಚಾಗುವುದಿಲ್ಲ.

ಈಗ ಲೆಕ್ಕ ಬಹುಪಾಲು ಕಂಪ್ಯೂಟರಿನಲ್ಲಿದೆ. ನಮ್ಮ ಪೇಟೆಗಳಲ್ಲಿ ಹೆಚ್ಚಾಗಿ ಕಾಣುವ ಟ್ಯಾಲಿಯಲ್ಲಿ ಬಾಡಿಗೆ, ಸಂಬಳದ ಖಾತೆಗಳನ್ನು ಯಾರೂ ಕೈಯಾರೆ ಮುಚ್ಚುವುದಿಲ್ಲ. ಏಪ್ರಿಲ್ 1ರಿಂದ ಹೊಸ ವರ್ಷದ ಅವಧಿ ತೆರೆದರೆ ಅವು ತಾವೇ ಸೊನ್ನೆಯಿಂದ ಶುರುವಾಗುತ್ತವೆ. ಆದರೆ ಆ ತಂತ್ರಾಂಶ ಕೊನೆಯ ಹೆಜ್ಜೆಯನ್ನು ತಾನಾಗಿ ಇಡುವುದಿಲ್ಲ. ಲಾಭವೆಲ್ಲ `Profit & Loss A/c` ಎಂಬ ಲೆಡ್ಜರ್‌ನಲ್ಲಿ ನಿಂತಿರುತ್ತದೆ. ಅದನ್ನು ಬಂಡವಾಳಕ್ಕೆ ದಾಟಿಸಲು ಮಾರ್ಚ್ 31ರ ದಿನಾಂಕ ಹಾಕಿ ಒಂದು ಜರ್ನಲ್ ನಮೂದನ್ನು ಮನುಷ್ಯರೇ ಬರೆಯಬೇಕು. ಅದನ್ನು ಮರೆತ ಅಂಗಡಿಗಳಲ್ಲಿ ಮೂರು ನಾಲ್ಕು ವರ್ಷದ ಲಾಭ ಅಲ್ಲೇ ಗುಡ್ಡೆಯಾಗಿರುತ್ತದೆ. ಸ್ವಂತಕ್ಕೆ ತೆಗೆದದ್ದನ್ನು ಮಾತ್ರ ಬಂಡವಾಳದಿಂದ ಕಳೆಯುತ್ತ ಹೋಗಿರುವುದರಿಂದ ಯಜಮಾನರ ಬಂಡವಾಳ ವರ್ಷದಿಂದ ವರ್ಷಕ್ಕೆ ಕರಗುತ್ತಿರುವಂತೆ ಕಾಣುತ್ತದೆ. ಅಂಗಡಿ ಚೆನ್ನಾಗಿಯೇ ನಡೆಯುತ್ತಿರುತ್ತದೆ.

ನಮೂದನ್ನು ಬರೆದ ಮೇಲೂ ಒಂದು ತೊಡಕಿದೆ. ಜುಲೈನಲ್ಲಿ ಹಳೆಯ ಫೈಲಿನಿಂದ ಮಾರ್ಚ್ ತಿಂಗಳ 5,000 ರೂಪಾಯಿಯ ಲಾರಿ ಬಿಲ್ ಒಂದು ಹೊರಬಿತ್ತು ಎನ್ನಿ. ಬರೆಯುವವರು ಅದನ್ನು ಮಾರ್ಚ್ 31ರ ದಿನಾಂಕಕ್ಕೆ ಹತ್ತಿಸುತ್ತಾರೆ. ಕಂಪ್ಯೂಟರ್ ತಕ್ಷಣ ಲಾಭವನ್ನು 2,75,000ಕ್ಕೆ ಇಳಿಸುತ್ತದೆ. ಆದರೆ ಬಂಡವಾಳಕ್ಕೆ ದಾಟಿಸಿದ ಜರ್ನಲ್ ನಮೂದು 2,80,000 ಎಂದೇ ಹೇಳುತ್ತಿದೆ. ಆ 5,000 `Profit & Loss A/c`ನಲ್ಲಿ ಡೆಬಿಟ್ ಶಿಲ್ಕಾಗಿ ಸಿಕ್ಕಿಹಾಕಿಕೊಳ್ಳುತ್ತದೆ. ಗುರುತು ಹಿಡಿಯುವುದು ಸುಲಭ: ಒಬ್ಬರೇ ಯಜಮಾನರ ಅಂಗಡಿಯಲ್ಲಿ, ಹೊಸ ವರ್ಷದ ಅವಧಿಯಲ್ಲಿ ಆ ಲೆಡ್ಜರ್‌ನ `Opening Balance` ಸೊನ್ನೆಯೇ ಇರಬೇಕು. ಸೊನ್ನೆ ಇಲ್ಲದಿದ್ದರೆ ಮುಕ್ತಾಯದ ನಂತರ ಯಾರೋ ಹಿಂದಿನ ವರ್ಷವನ್ನು ಮುಟ್ಟಿದ್ದಾರೆ, ಇಲ್ಲವೇ ನಮೂದೇ ತಪ್ಪಾಗಿದೆ. ಲೆಕ್ಕಕ್ಕೆ ಇನ್ನೂ ಸಹಿ ಬಿದ್ದಿಲ್ಲವಾದರೆ ಜರ್ನಲ್ ಮೊತ್ತವನ್ನು 2,75,000 ಎಂದು ತಿದ್ದಬಹುದು. ಸಹಿಯಾಗಿ ತೆರಿಗೆ ರಿಟರ್ನ್ಸ್ ಹೋಗಿದ್ದರೆ ಹಳೆಯ ವರ್ಷಕ್ಕೆ ಕೈ ಹಾಕಬಾರದು. ಆ ಬಿಲ್ಲನ್ನು ಹಿಂದಿನ ವರ್ಷದ ಖರ್ಚು ಎಂದು ಗುರುತಿಸಿ ಈ ವರ್ಷದಲ್ಲೇ ತೋರಿಸಬೇಕು. ಕಳೆದ ವರ್ಷದ ಆಖೈರು ಬಂಡವಾಳ ಮತ್ತು ಈ ವರ್ಷದ ಆರಂಭದ ಬಂಡವಾಳ ಬೇರೆ ಬೇರೆಯಾಗಿ ಕಂಡರೆ, ಲೆಕ್ಕ ನೋಡುವವರು ಮೊದಲು ಕೈಯಿಡುವುದೇ ಅಲ್ಲಿಗೆ.

ಅಂಗಡಿಗೆ ಇಬ್ಬರು ಪಾಲುದಾರರಿದ್ದರೆ ಲಾಭ ನೇರವಾಗಿ ಬಂಡವಾಳಕ್ಕೆ ಹೋಗುವುದಿಲ್ಲ. ಪಾಲುಗಾರಿಕೆ ಪತ್ರದಲ್ಲಿ ಒಪ್ಪಿದಂತೆ ಬಂಡವಾಳದ ಮೇಲಿನ ಬಡ್ಡಿ, ದುಡಿಯುವ ಪಾಲುದಾರರ ಸಂಬಳ ಕಳೆದು, ಉಳಿದದ್ದು ಅವರವರ ಪ್ರಮಾಣದಲ್ಲಿ ಅವರವರ ಖಾತೆಗೆ ಸೇರುತ್ತದೆ. ಕಂಪನಿಯಲ್ಲಂತೂ ಲಾಭ ಷೇರು ಬಂಡವಾಳವನ್ನು ಮುಟ್ಟುವುದೇ ಇಲ್ಲ. ಅದು ಮೀಸಲು ಮತ್ತು ಹೆಚ್ಚುವರಿ ಎಂಬ ತಲೆಬರಹದ ಅಡಿ ನಿಲ್ಲುತ್ತದೆ, ಡಿವಿಡೆಂಡ್ ಹೊರಡುವುದು ಅಲ್ಲಿಂದ. ಮನೆಯ ಹೆಸರು ಬದಲಾದರೂ ವರ್ಷದ ಖಾತೆಗಳು ಸೊನ್ನೆಯಾಗುವ ಕ್ರಮ ಎಲ್ಲ ಕಡೆ ಒಂದೇ.

ನಮ್ಮ ಬಟ್ಟೆ ಅಂಗಡಿಯಲ್ಲಿ 2025ರ ಏಪ್ರಿಲ್ 1ರ ಬೆಳಿಗ್ಗೆ ಹೊಸ ಪುಸ್ತಕ ತೆರೆದಾಗ ಮೊದಲ ಸಾಲು ಬಿದ್ದ ಪುಟಗಳು ಕೆಲವೇ: ನಗದು, ಬ್ಯಾಂಕ್, ಸರಕು, ಕಪಾಟು, ಉದ್ರಿ ಗಿರಾಕಿಗಳು, ಸಗಟು ವ್ಯಾಪಾರಿಗಳು, ಕೊಡಬೇಕಾದ ಬಾಡಿಗೆ 10,000, ಮತ್ತು ಬಂಡವಾಳ 6,00,000. ಬಾಡಿಗೆಯ ಪುಟ ಖಾಲಿ. ನಾಲ್ಕು ದಿನ ಕಳೆದು ಮಳಿಗೆಯ ಮಾಲೀಕರು ಮಾರ್ಚ್ ತಿಂಗಳ ಬಾಡಿಗೆಗೆ ಬಂದರು. ಯಜಮಾನರು 10,000 ಎಣಿಸಿ ಕೊಟ್ಟರು. ಗುಮಾಸ್ತನ ಕೈ ಅಭ್ಯಾಸಬಲದಿಂದ ಬಾಡಿಗೆಯ ಪುಟದತ್ತ ಹೋಯಿತು. ಅಲ್ಲಿ ಬರೆದಿದ್ದರೆ ಹಳೆಯ ವರ್ಷದ ತಿಂಗಳೊಂದು ಹೊಸ ವರ್ಷದಲ್ಲಿ ಸೇರಿ, ಮುಂದಿನ ಮಾರ್ಚ್‌ಗೆ ಹದಿಮೂರು ತಿಂಗಳ ಬಾಡಿಗೆ ಕಾಣಿಸುತ್ತಿತ್ತು. ಅವನು ಪುಟ ತಿರುವಿ ‘ಕೊಡಬೇಕಾದ ಬಾಡಿಗೆ’ಯ ಎಡಬದಿಯಲ್ಲಿ 10,000 ಬರೆದ. ಆ ಖಾತೆ ಸೊನ್ನೆಯಾಯಿತು. ಬಾಡಿಗೆಯ ಪುಟದಲ್ಲಿ ಮೊದಲ ಸಾಲು ಬಿದ್ದದ್ದು ಮೇ ತಿಂಗಳ ಮೊದಲ ವಾರ, ಏಪ್ರಿಲ್ ತಿಂಗಳ ಬಾಡಿಗೆ ಕೊಟ್ಟ ದಿನ.